ನೆಲಮಾಳಿಗೆಯ ಹಾಲು

ವೃದ್ಧಾಶ್ರಮದಲ್ಲಿ ಎದೆಹಾಲು ತೆಗೆಯಲೆಂದು ರೋಸಾನ್ ಪೆಲ್ಕಿಗೆ ಕೊಟ್ಟಿದ್ದ ಜಾಗವೆಂದರೆ ಮುದುಕರ ಡೈಪರ್ ಮೂಟೆಗಳನ್ನು ಪೇರಿಸಿಟ್ಟ ಉಗ್ರಾಣ. ಅಲ್ಲೊಂದು ಮಡಚುವ ಕುರ್ಚಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಕೈ ತೊಳೆದುಕೊಂಡು ಬಂದು, ಪಂಪಿನ ತಂತಿಯನ್ನು ಜನರೇಟರಿನ ಕೆಂಪು ಪ್ಲಗ್ಗಿಗೆ ಸಿಕ್ಕಿಸಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬಂದವಳು. ಎಂಟಕ್ಕೆ ಮಳೆ ಶುರುವಾಗಿತ್ತು. ಬಿದ್ದಲ್ಲೇ ಗಾಜಿನಂತೆ ಗಟ್ಟಿಯಾಗುವ ಮಳೆ. ಒಂಬತ್ತರ ಹೊತ್ತಿಗೆ ಮೇನ್ ರಾಜ್ಯದ ಉತ್ತರಕ್ಕಿರುವ ಆ ಕಣಿವೆಯ ಅರ್ಧದಷ್ಟು ಕರೆಂಟ್ ಕಂಬಗಳು ಮಲಗಿದ್ದವು. ಮಧ್ಯಾಹ್ನದ ಪಾಳಿಯವರು ಯಾರೂ ಬರುವ ಹಾಗಿರಲಿಲ್ಲ.

ಪಂಪು ತನ್ನ ಪಾಡಿಗೆ ಉಸಿರಾಡುತ್ತಿತ್ತು. ರೋಸಾನ್ ಇನ್ನೊಂದು ಕೈಯಲ್ಲಿ ಮನೆಗೆ ಫೋನ್ ಮಾಡಿದಳು. ಅತ್ತೆ ಆಲ್ಡಿಯಾ ಗೋಡೆಗೆ ಜಡಿದ ಹಳೇ ಫೋನನ್ನು ತೆಗೆಸಲು ಬಿಟ್ಟಿರಲಿಲ್ಲ. ಕರೆಂಟ್ ಇಲ್ಲದಿದ್ದರೂ ಅದು ರಿಂಗಾಗುತ್ತಿತ್ತು. ಮಗಳು ಓಡಿಲ್ ಹುಟ್ಟಿದ ಮೇಲೆ ಆಲ್ಡಿಯಾಳನ್ನು ಎಲ್ಲರೂ ಕರೆಯುವುದು ಮೆಮೇರ್ ಎಂದೇ. ಆ ಕಡೆಯ ಫ್ರೆಂಚ್ ಮನೆಗಳಲ್ಲಿ ಅಜ್ಜಿಯೆಂದರೆ ಮೆಮೇರ್.

"ಕರೆಂಟ್ ಹೋಯ್ತಾ ಮೆಮೇರ್?"

"ಒಂಬತ್ತಕ್ಕೇ ಹೋಯ್ತು. ಸೌದೆ ಒಲೆ ಹಚ್ಚಿದೀನಿ, ಮಗು ಬೆಚ್ಚಗಿದೆ. ಬಾವಿ ಪಂಪೂ ಸತ್ತಿದೆ. ಹಿಮ ಕರಗಿಸಿ ಕಾಯಿಸ್ತಿದೀನಿ. ನೀನು ನಿನ್ನ ಮುದುಕರನ್ನ ನೋಡ್ಕೋ."

"ಫ್ರಿಜ್ಜಲ್ಲಿ ಎಷ್ಟು ಬಾಟ್ಲಿ ಉಳಿದಿದೆ?"

"ಎರಡು."

"ಅವನ್ನ ತೆಗೆದು ಐಸ್ ಪೆಟ್ಟಿಗೆಗೆ ಹಾಕಿ, ಸುತ್ತ ಹಿಮ ತುಂಬಿಬಿಡಿ. ಫ್ರಿಜ್ಜು ನಾಕು ಗಂಟೆ ಮೇಲೆ ತಣ್ಣಗಿರಲ್ಲ. ಕೆಳಗಿನ ಫ್ರೀಜರ್ ಮಾತ್ರ ಸುಮ್ಮಸುಮ್ಮನೆ ತೆಗೀಬೇಡಿ. ಮುಚ್ಚಿದ್ರೆ ನಾಳೆ ಬೆಳಿಗ್ಗೆವರೆಗೂ ತಡ್ಕೊಳುತ್ತೆ."

"ಐದು ಮಕ್ಕಳನ್ನ ಸಾಕಿದೀನಿ ಕಣೆ," ಎಂದಳು ಮೆಮೇರ್. "ಡಬ್ಬಿ ಹಾಲು, ಬಿಸಿನೀರು, ಮುಗೀತು. ಒಂದು ಮಗು ಹೊಟ್ಟೆ ತುಂಬಿಸೋಕೆ ನಿಮ್ಮದು ಇಷ್ಟು ಶಾಸ್ತ್ರ."

ಹಾಗೆ ಅಂದರೂ ಡಬ್ಬಿ ಹಾಲಿನ ಮಾತು ಅಲ್ಲಿಗೇ ನಿಂತಿತು. ಓಡಿಲ್‌ಗೆ ಹಸುವಿನ ಹಾಲು ಆಗುತ್ತಿರಲಿಲ್ಲ. ಎರಡು ತಿಂಗಳಿದ್ದಾಗ ಒಂದೇ ಬಾಟಲಿ ಡಬ್ಬಿ ಹಾಲು ಕುಡಿದು, ಮರುದಿನ ಮಲದಲ್ಲಿ ರಕ್ತ ಹೋಗಿತ್ತು. ತನ್ನ ಹಾಲಿಗೆ ಅದರ ಅಂಶ ಸೇರದಿರಲೆಂದು ಅಂದಿನಿಂದ ರೋಸಾನ್ ಬೆಣ್ಣೆ, ಚೀಸ್ ಮುಟ್ಟಿರಲಿಲ್ಲ. ಕೆಲಸಕ್ಕೆ ಮರಳುವ ಮುನ್ನ ದಿನಕ್ಕೊಂದು, ಎರಡು ಎಂದು ಸಣ್ಣ ಚೀಲಗಳಲ್ಲಿ ಹಾಲು ತುಂಬಿ, ತಾರೀಖು ಬರೆದು, ಚಪ್ಪಟೆಯಾಗಿ ಮಲಗಿಸಿ, ನೆಲಮಾಳಿಗೆಯ ಫ್ರೀಜರಿನಲ್ಲಿ ನಲವತ್ತೆರಡು ಕೂಡಿಟ್ಟಿದ್ದಳು. ಆ ಚೀಲಗಳಿಗಾಗಿ ಕಳೆದುಕೊಂಡ ನಿದ್ದೆಯ ಲೆಕ್ಕ ಅವಳಿಗೇ ಇರಲಿಲ್ಲ. ಗಂಡ ಗಿಲ್ಬರ್ಟ್ ಮರದ ದಿಮ್ಮಿ ಸಾಗಿಸುವ ಲಾರಿಯೊಂದಿಗೆ ಗಡಿಯಾಚೆ ಸಿಕ್ಕಿಬಿದ್ದಿದ್ದ.

ಹಾಲನ್ನು ಸಿಬ್ಬಂದಿಯ ಫ್ರಿಜ್ಜಿನಲ್ಲಿಟ್ಟು ರೋಸಾನ್ ಮತ್ತೆ ಕೆಲಸಕ್ಕೆ ನಿಂತಳು. ಇಪ್ಪತ್ತೆಂಟು ಮುದುಕರು, ನೋಡಿಕೊಳ್ಳಲು ಮೂವರು ಹೆಂಗಸರು. ಎತ್ತುವುದು, ಹೊರಳಿಸುವುದು, ಒರೆಸುವುದು, ಉಣಿಸುವುದು. ಸಂಜೆ ಐದಕ್ಕೆ ಅವಳ ಜೇಬಿನಲ್ಲಿ ಫೋನು ನಡುಗಿತು.

"ಹಾಲು ಕೆಟ್ಟಿದೆ," ಎಂದಳು ಮೆಮೇರ್. ಹಿಂದೆ ಓಡಿಲ್ ಗಂಟಲು ಹರಿದುಕೊಂಡು ಅಳುತ್ತಿದ್ದಳು. "ಒಂದು ಫ್ರೆಶ್ ಬಾಟ್ಲಿ ಕೊಟ್ಟೆ, ಇನ್ನೊಂದು ರಾತ್ರಿಗಿರಲಿ ಅಂತ ಕೆಳಗಿಂದ ಚೀಲ ತಂದೆ. ಹಳೇ ತಾರೀಖಿಂದೇ ತಂದೆ, ನೀನು ಹೇಳಿದ ಹಾಗೆ. ಬಿಸಿನೀರಿನ ಬೋಗುಣಿಲಿ ಇಟ್ಟು ಕರಗಿಸಿದೆ. ಬಾಯಿಗಿಟ್ಟರೆ ಮುಖ ತಿರುಗಿಸ್ತಾಳೆ. ಮೂಸಿ ನೋಡಿದ್ರೆ ಬಟ್ಟೆ ಸೋಪಿನ ವಾಸನೆ."

"ಹುಳಿ ವಾಸನೆನಾ, ಸೋಪಿಂದಾ?"

"ಸೋಪಿಂದು ಅಂದ್ನಲ್ಲ. ಚೆಲ್ಲಿಬಿಟ್ಟೆ. ಎರಡು ಚೀಲ."

ಎರಡು ಚೀಲವೆಂದರೆ ಎಂಟು ಔನ್ಸ್, ಒಂದು ದೊಡ್ಡ ಲೋಟದಷ್ಟು. ರೋಸಾನ್ ಫೋನನ್ನು ಎದೆಗೊತ್ತಿಕೊಂಡು ನರ್ಸ್ ಬೆಲಿಂಡಾಳ ಕಡೆ ನೋಡಿದಳು. ಮೂರು ಮಕ್ಕಳ ತಾಯಿ ಬೆಲಿಂಡಾ ಮಾತ್ರೆ ಎಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಸೋಪಿನ ವಾಸನೆ ಬಂದ್ರೆ ಕೆಟ್ಟಿಲ್ಲ ಮಾರಾಯ್ತಿ. ಕೆಲವರ ಹಾಲಲ್ಲಿ ಜಿಡ್ಡು ಒಡೆಯೋ ಗುಣ ಜಾಸ್ತಿ ಇರುತ್ತೆ. ಫ್ರೀಜರಲ್ಲೂ ಅದು ಕೆಲಸ ಮಾಡ್ತಾನೇ ಇರುತ್ತೆ. ಕುಡಿದ್ರೆ ಏನೂ ಆಗಲ್ಲ, ರುಚಿ ಅಷ್ಟೇ ಬೇರೆ. ನನ್ನ ನಡುವಿನ ಮಗನೂ ಮುಟ್ತಿರಲಿಲ್ಲ."

"ಆಮೇಲೆ ಏನು ಮಾಡಿದ್ರಿ?"

"ತಾಜಾ ಹಾಲಿಗೆ ಬೆರೆಸಿ ಕೊಟ್ಟೆ. ಮೊದಲು ಸ್ವಲ್ಪ, ಆಮೇಲೆ ಜಾಸ್ತಿ."

ಮನೆಯಲ್ಲಿ ತಾಜಾ ಹಾಲೆಂದು ಉಳಿದಿದ್ದುದು ಒಂದೇ ಬಾಟಲಿ. ಇಲ್ಲಿ ಸಿಬ್ಬಂದಿಯ ಫ್ರಿಜ್ಜಿನಲ್ಲಿ ಮೂರು ಇದ್ದವು. ನಡುವೆ ಹದಿನೆಂಟು ಮೈಲಿ ಮಂಜುಗಡ್ಡೆ.

"ಮೆಮೇರ್, ಕೇಳಿಸ್ಕೊಳ್ಳಿ. ಹಾಲು ಕೆಟ್ಟಿಲ್ಲ. ಇನ್ನೊಂದು ಚೀಲ ಕರಗಿಸಿ. ಹಿಮದಲ್ಲಿರೋ ಬಾಟ್ಲಿಯಿಂದ ಮೂರು ಪಾಲು, ಕರಗಿಸಿದ್ದು ಒಂದು ಪಾಲು. ತಣ್ಣಗಿದ್ದಾಗಲೇ ಬೆರೆಸಿ, ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ. ಉಳಿದಿದ್ದು ಮತ್ತೆ ಹಿಮದೊಳಗೆ. ಅದು ನಾಳೆ ಈ ಹೊತ್ತಿಗೆ ಮುಗೀಬೇಕು. ಮುಂದಿನ ಸಲ ಅರ್ಧ-ಅರ್ಧ ಮಾಡಿ."

"ಒಲೆ ಮೇಲೆ ಪಾತ್ರೆಲಿ ಬಿಸಿ ಮಾಡಿದ್ರೆ ಬೇಗ ಆಗುತ್ತೆ. ಮಗು ಅಳ್ತಿದೆ ಇಲ್ಲಿ."

"ಬೇಡ. ಬಾಟ್ಲಿನ ಬಿಸಿನೀರಲ್ಲೇ ನಿಲ್ಲಿಸಿ. ಮೆಲ್ಲಗೆ ಸುತ್ತಿಸಿದ್ರೆ ಕೆನೆ ಬೆರೆಯುತ್ತೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಬಿಸಿ ಅನ್ನಿಸಬಾರದು. ಕುಡಿದು ಬಿಟ್ಟಿದ್ದನ್ನ ಎರಡು ಗಂಟೆ ಮೇಲೆ ಇಟ್ಕೋಬೇಡಿ."

"ಬಿಟ್ಟಿದ್ದನ್ನೂ ಚೆಲ್ಲಬೇಕಾ?"

"ಅದನ್ನ ಚೆಲ್ಲಿ."

"ಚೆಲ್ಲಬೇಕಾದ್ದು ಯಾವುದು, ಚೆಲ್ಲಬಾರದ್ದು ಯಾವುದು ಅಂತ ಬರೆದು ಗೋಡೆಗೆ ಅಂಟಿಸಿ ಹೋಗಬೇಕಿತ್ತು ನೀನು," ಎಂದು ಮೆಮೇರ್ ಫೋನಿಟ್ಟಳು.

ಬರೆದು ಫ್ರಿಜ್ಜಿಗೆ ಅಂಟಿಸಿಯೇ ಇತ್ತು. ಅದನ್ನು ಹೇಳುವ ಮೊದಲೇ ಫೋನು ಕಟ್ಟಾಗಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಳೆದವು. ಮೇಬಲ್ ಎಂಬ ಮುದುಕಿಗೆ ಚಮಚದಲ್ಲಿ ಸೂಪು ಕುಡಿಸುತ್ತ ಅವಳು ಜೇಬಿನ ಕಡೆಗೇ ಕಿವಿಯಿಟ್ಟಿದ್ದಳು. ಆರಕ್ಕೆ ಫೋನ್ ಬಂತು. ಮೆಮೇರ್ ಹೇಳಿದ್ದು ಒಂದೇ ಮಾತು: "ಕುಡಿದಳು."

ಆ ರಾತ್ರಿ ರೋಸಾನ್ ಉಗ್ರಾಣದ ನೆಲದ ಮೇಲೆ ಎರಡೆರಡು ಗಂಟೆಯಂತೆ ಎರಡು ಸಲ ಮಲಗಿದಳು. ಬುಧವಾರ ಮಧ್ಯಾಹ್ನ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುವ ಲಾರಿ ದಾರಿ ಮಾಡಿತು, ಪಾಳಿಯ ಇಬ್ಬರು ಬಂದರು. ಏಳು ಬಾಟಲಿ ಹಾಲನ್ನು ಐಸ್ ಪೊಟ್ಟಣಗಳ ನಡುವೆ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು, ಲಾರಿಯ ಹಿಂದೆಯೇ ಗಂಟೆಗೆ ಇಪ್ಪತ್ತು ಮೈಲಿಯಂತೆ ಅವಳು ಕಾರು ನಡೆಸಿದಳು. ತೂಕಡಿಕೆ ಬರದಿರಲೆಂದು ಕಿಟಕಿ ಇಳಿಸಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿ ನೋಯುತ್ತಿತ್ತು.

ಮೂರಕ್ಕೆ ಮನೆ ಹೊಕ್ಕಾಗ ದೀಪ ಉರಿಯುತ್ತಿತ್ತು. ಕರೆಂಟ್ ಬಂದ ಮೇಲೆ ಯಾರೂ ಸರಿಪಡಿಸದ ಅಡುಗೆಮನೆಯ ಗಡಿಯಾರ ಹನ್ನೆರಡು ಗಂಟೆ ಎಂದು ಮಿನುಗುತ್ತಿತ್ತು. ಓಡಿಲ್ ತೊಟ್ಟಿಲಲ್ಲಿ ಮಲಗಿ ನಿದ್ದೆಯಲ್ಲೇ ತುಟಿ ಆಡಿಸುತ್ತಿದ್ದಳು. ಮೆಮೇರ್‌ಳ ಕಣ್ಣುಗಳು ಒಳಗೆ ಸೇರಿದ್ದವು.

"ಕರೆಂಟ್ ಯಾವಾಗ ಬಂತು?"

"ಈಗ ಒಂದು ಗಂಟೆ ಆಯ್ತು."

ರೋಸಾನ್ ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. ಇಪ್ಪತ್ತೊಂಬತ್ತು ಗಂಟೆ ಫ್ರೀಜರ್ ನಿಂತಿತ್ತು. ಒಳಗೆ ಎಷ್ಟು ಕರಗಿದೆಯೋ. ಈಗ ಅದು ಮತ್ತೆ ಗುಂಯ್‌ಗುಡುತ್ತಿದೆ. ಇನ್ನೆರಡು ಗಂಟೆ ಬಿಟ್ಟರೆ ಕರಗಿದ್ದೂ ಕರಗದ್ದೂ ಒಂದೇ ಸಮ ಕಲ್ಲಾಗುತ್ತವೆ. ಆಮೇಲೆ ಯಾವುದು ಯಾವುದೆಂದು ದೇವರಿಗೂ ತಿಳಿಯದು.

"ಬಿಡಿ ಮೆಮೇರ್," ಎಂದಳು. "ಹಾಗೇ ಇರಲಿ. ಗಟ್ಟಿ ಆಗ್ಲಿ. ಯಾರು ನೋಡ್ತಾರೆ?"

ಬೇರೆ ಯಾರಾದರೂ ಹಾಗೆಂದಿದ್ದರೆ ಅವಳೇ ಅವರ ಮೇಲೆ ಹರಿಹಾಯುತ್ತಿದ್ದಳು. ಮೆಮೇರ್ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗೋಡೆಯ ಮೊಳೆಯಿಂದ ಟಾರ್ಚು ಕಿತ್ತುಕೊಂಡಳು.

"ಒಂದು ಸಲ ಕರಗಿದ್ದನ್ನ ಮತ್ತೆ ಗಟ್ಟಿ ಮಾಡಬಾರದು ಅಂತ ಆ ಚೀಟಿಲಿ ನೀನೇ ಕೆಂಪು ಇಂಕಲ್ಲಿ ಬರೆದಿದ್ದೀಯ. ನಿನ್ನೆಯಿಂದ ಇಪ್ಪತ್ತು ಸಲ ಓದಿದೀನಿ. ಏಳು. ನೀನು ಬರೀ ಹೇಳು, ನಾನು ಮುಟ್ಟಿ ನೋಡ್ತೀನಿ."

ನೆಲಮಾಳಿಗೆಯ ಮೆಟ್ಟಿಲ ಮೇಲೆ ರೋಸಾನ್ ಕುಳಿತಳು. ಮೆಮೇರ್ ಒಂದೊಂದೇ ಚೀಲವನ್ನು ಬೆಳಕಿಗೆ ಹಿಡಿದು ಬೆರಳಲ್ಲಿ ಒತ್ತಿದಳು.

"ಇದು ಕಲ್ಲು."

"ಒಳಗಿಡಿ."

"ಇದು ಮೆತ್ತಗಿದೆ. ಒಳಗೆ ಕರಕರ ಅನ್ನುತ್ತೆ."

"ಐಸಿನ ಹರಳು ಇನ್ನೂ ಇದ್ರೆ ಪರವಾಗಿಲ್ಲ, ಅದೂ ಒಳಗೆ."

"ಇದು ಪೂರ್ತಿ ನೀರು. ಆದ್ರೆ ತಣ್ಣಗಿದೆ."

"ಮೇಲಿನ ಫ್ರಿಜ್ಜಿಗೆ. ನಾಳೆಯೊಳಗೆ ಕುಡಿಸಬೇಕು."

ಹೀಗೆ ಅರ್ಧ ಗಂಟೆ. ಇಪ್ಪತ್ತು ಚೀಲಗಳು ಉಳಿದುಕೊಂಡವು. ಬಾಗಿಲ ಬಳಿ ಇದ್ದ ಹದಿನಾಲ್ಕು ನೀರಾಗಿದ್ದವು. ರೋಸಾನ್ ಮನಸ್ಸಿನಲ್ಲೇ ಕೂಡಿಸಿ ಕಳೆದಳು.

"ಮೂವತ್ತನಾಕು. ಮಗು ಕುಡಿದಿದ್ದು ಮೂರು ಅಂದ್ರಿ, ಚೆಲ್ಲಿದ್ದು ಎರಡು. ಇನ್ನೂ ಮೂರು ಎಲ್ಲಿ?"

ಮೆಮೇರ್ ಫ್ರೀಜರಿನ ಬಾಗಿಲು ಒತ್ತಿ ಮುಚ್ಚಿದಳು. ಸರಿಯಾಗಿ ಮುಚ್ಚಿತೇ ಎಂದು ಮತ್ತೊಮ್ಮೆ ಒತ್ತಿದಳು.

"ಐದು ಚೆಲ್ಲಿದೆ. ಒಂದಾದ ಮೇಲೆ ಒಂದು. ಪ್ರತಿಯೊಂದರಲ್ಲೂ ಅದೇ ವಾಸನೆ. ಮತ್ತೆ ರಕ್ತ ಹೋದ್ರೆ ಏನು ಗತಿ ಅಂತ ಹೆದರಿಕೆ ಆಯ್ತು. ಅವತ್ತು ಡಬ್ಬಿ ಹಾಲು ಕೊಟ್ಟಿದ್ದೂ ನಾನೇ ಅಲ್ವಾ."

ರೋಸಾನ್‌ಗೆ ಸಿಟ್ಟು ಬರಬೇಕಿತ್ತು. ಒಳಗೆ ಹುಡುಕಿದಳು, ಸಿಗಲಿಲ್ಲ. ಐದು ಚೀಲವನ್ನು ಬಚ್ಚಲಿಗೆ ಸುರಿದ ಆ ಮುದಿ ಕೈಗಳು ಹಿಮ ತೋಡಿ ತೋಡಿ ಕೆಂಪಾಗಿ ಬಿರಿದಿದ್ದವು.

"ನಂಗೂ ಗೊತ್ತಿರಲಿಲ್ಲ ಆ ವಾಸನೆ ವಿಷಯ," ಎಂದಳು. "ಗಟ್ಟಿ ಮಾಡೋಕೆ ಮುಂಚೆ ಅಂಚಲ್ಲಿ ಗುಳ್ಳೆ ಏಳೋವರೆಗೆ ಕಾಯಿಸಿ, ಬೇಗ ಆರಿಸಿ ಇಟ್ರೆ ಬರಲ್ವಂತೆ. ಬೆಲಿಂಡಾ ಹೇಳಿದ್ಲು. ಇನ್ಮೇಲೆ ಹಾಗೆ ಮಾಡಬೇಕು."

"ಕಾಯಿಸೋದು ನನಗೆ ಬಿಡು."

ಹದಿನಾಲ್ಕರಲ್ಲಿ ಆರನ್ನು ಫ್ರಿಜ್ಜಿನಲ್ಲಿಟ್ಟರು. ಹೊಸ ಹಾಲಿನೊಂದಿಗೆ ಬೆರೆಸಿದರೂ ನಾಳೆಯೊಳಗೆ ಅದಕ್ಕಿಂತ ಹೆಚ್ಚು ಆ ಪುಟ್ಟ ಹೊಟ್ಟೆಗೆ ಹಿಡಿಸದು. ಉಳಿದ ಎಂಟನ್ನು ಮೆಮೇರ್ ಸಿಂಕಿನ ಮುಂದೆ, ರೋಸಾನ್‌ಗೆ ಕಾಣದಂತೆ ಅಡ್ಡ ನಿಂತು ಒಂದೊಂದಾಗಿ ಕತ್ತರಿಸಿ ಸುರಿದಳು. ನಲ್ಲಿಯನ್ನು ಜೋರಾಗಿ ಬಿಟ್ಟಿದ್ದಳು.

ಅಷ್ಟರಲ್ಲಿ ಓಡಿಲ್ ಎದ್ದಳು. ರೋಸಾನ್ ಕೋಟು ಬಿಚ್ಚದೆಯೇ ಎತ್ತಿಕೊಂಡು ಎದೆಗಿಟ್ಟುಕೊಂಡಳು. ಮಗು ಹಿಡಿದ ರಭಸಕ್ಕೆ ನೋವಾಗಿ ಹಲ್ಲು ಕಚ್ಚಿದಳು, ಆಮೇಲೆ ಹಾಲು ಇಳಿಯಿತು, ನೋವೂ ಮೆಲ್ಲಗೆ ಇಳಿಯಿತು. ಬಿಸಿನೀರಿಲ್ಲ, ಬೋಗುಣಿಯಿಲ್ಲ, ತಾರೀಖಿಲ್ಲ. ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಗೋಡೆಯ ಫೋನು ರಿಂಗಾಯಿತು. ಮೆಮೇರ್ ಕೈ ಒರೆಸಿಕೊಂಡು ಎತ್ತಿದಳು. ವೃದ್ಧಾಶ್ರಮದವರು, ನಾಳೆ ಬೆಳಿಗ್ಗೆ ಆರಕ್ಕೆ ಒಬ್ಬರು ಕಮ್ಮಿ, ರೋಸಾನ್ ಬರುತ್ತಾಳೆಯೇ ಎಂದು ಕೇಳುತ್ತಿದ್ದರು. ರೋಸಾನ್ ಕಣ್ಣು ತೆರೆದು ತಲೆ ಎತ್ತಿದಳು.

ಮೆಮೇರ್ ಅವಳನ್ನೇ ನೋಡುತ್ತ, "ಅವಳು ಮಲಗಿದಾಳೆ," ಎಂದು ಫೋನಿಟ್ಟಳು.