ಬಿಳಿ ಚೌಕದ ಅಡಿಯ ದಾರಿ

ನಲ್ಲಪ್ಪನ ಚಟ್ಟ ಜಂಗಮಕೋಟೆಯ ರೇಷ್ಮೆ ಬೆಳೆಗಾರರ ಸಂಘದ ಗೇಟಿನ ಹೊರಗೇ ನಿಂತಿತ್ತು. ಗೇಟಿಗೆ ಬೀಗ. ಸಂಘದ ಜಾಗ ದಾಟದೆ ಸ್ಮಶಾನ ಸೇರುವಂತಿರಲಿಲ್ಲ. ತನ್ನ ಕೇರಿಯವರಿಗೆ ಅಲ್ಲಿ ದಾರಿ ಬಿಡುವ ಠರಾವಿಗೆ, ಸಂಘದ ಅಧ್ಯಕ್ಷನಾಗಿದ್ದಾಗ ನಲ್ಲಪ್ಪನೇ ಸಹಿ ಹಾಕಿದ್ದ.

"ಠರಾವಲ್ಲಿ ದಾರಿ ಇಲ್ಲ ಕಣಮ್ಮ, ನೀನೇ ನೋಡ್ಕೋ," ಎಂದು ಗೇಟಿನ ಪಕ್ಕದ ಕಚೇರಿಯಲ್ಲಿ ಕೂತಿದ್ದ ಕಾರ್ಯದರ್ಶಿ ಮೋಹನ್‌ಬಾಬು ಕಂಪ್ಯೂಟರನ್ನು ನಲ್ಲಪ್ಪನ ಮಗಳು ಸಂಘಮಿತ್ರಳತ್ತ ತಿರುಗಿಸಿದ. ಅವಳಂಥ ಸದಸ್ಯರು ನಡಾವಳಿಯ ಪಿಡಿಎಫ್ ಓದಬಹುದಿತ್ತು, ಅಷ್ಟೇ. ಅದನ್ನು ಬದಲಿಸುವ ಅಧಿಕಾರ ಕಾರ್ಯದರ್ಶಿಯ ಪಾಸ್‌ವರ್ಡಿಗೆ ಮಾತ್ರ ಇತ್ತು.

'ದಾರಿ ಬಿಡಲು ಸಭೆ ನಿರಾಕರಿಸಿದೆ' ಎಂದಿತ್ತು. ಕೆಳಗೆ ಅಪ್ಪನ ಡಿಜಿಟಲ್ ಸಹಿ. ಅದರ ಪಕ್ಕದಲ್ಲಿ ಹಳದಿ ಎಚ್ಚರಿಕೆ: ಸಹಿಯಾದ ಮೇಲೆ ಕಡತ ಬದಲಾಗಿದೆ.

"ಸತ್ತೋನು ಎದ್ದು ಬಂದು ತಿದ್ದಿದ್ನೇನಣ್ಣ?"

"ಹಳೇ ಕಂಪ್ಯೂಟರಮ್ಮ, ಏನೇನೋ ತೋರಿಸ್ತದೆ."

ಅವಳು ಪರದೆಯ ಮೇಲಿನ ಸಹಿಯನ್ನು ಒತ್ತಿ, ಸಹಿ ಹಾಕಿದಾಗಿನ ಪ್ರತಿಯನ್ನು ತೆರೆದಳು. ಕಾಗದದ ತಪ್ಪಿಗೆ ಬಿಳಿ ಬಳಿಯುವ ಹಳೇ ಅಭ್ಯಾಸದಲ್ಲಿ ಮೋಹನ್‌ಬಾಬು ಆ ಸಾಲಿನ ಮೇಲೆ ಬಿಳಿ ಚೌಕ ಕೂರಿಸಿ, ಅದರೊಳಗೆ ತನಗೆ ಬೇಕಾದ್ದನ್ನು ಬರೆದಿದ್ದ. ಅಡಿಯ ಸಾಲು ಅಳಿದಿರಲಿಲ್ಲ. 'ಸ್ಮಶಾನಕ್ಕೆ ದಾರಿ ಬಿಡಲು ಸಭೆ ಒಪ್ಪಿದೆ.' ಅಪ್ಪನೇ ಹಿಂದೆ ನಿಂತು ಓದಿದಂತಾಗಿ ಸಂಘಮಿತ್ರ ತಿರುಗಿ ನೋಡಿದಳು. ಮೋಹನ್‌ಬಾಬು ಕೂಡ ತಿರುಗಿ ಬಾಗಿಲತ್ತ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಹೊರಗೆ ಚಟ್ಟದ ಮುಂದಿನ ತಮಟೆಯ ಸದ್ದೂ ನಿಂತಿತ್ತು.

"ಕೇಳಿಸ್ತಾ? ನಮ್ಮಪ್ಪನೇ ಹೇಳ್ತಾವ್ನೆ. ಬೀಗ ತೆಗಿ."

ಅವನು ಬೀಗದ ಕೈಯನ್ನು ಅವಳ ಕೈಗೆ ಕೊಡಲಿಲ್ಲ. ಬೆರಳು ತಾಗೀತೆಂದು ಮೇಜಿನ ಮೇಲೆ ಎಸೆದ. ಅವಳು ಅದನ್ನೆತ್ತಿಕೊಂಡು ಹೋಗಿ ಗೇಟನ್ನು ಪೂರ್ತಿ ತೆರೆದಳು. ಚಟ್ಟ ಅವನ ಕಿಟಕಿಯ ಮುಂದೆಯೇ, ನಿಧಾನವಾಗಿ ಸಾಗಿತು.