ಅತ್ತೆಯ ಮುಲಾಮು

ಮುಂಡಗೋಡದ ಹತ್ತಿರದ ಇಂದೂರಿನ ಕಾಶೆವ್ವನಿಗೆ ಊರಿನವರ ಸಂಕಟವೆಲ್ಲ ಬೇಕು, ತನ್ನದು ಮಾತ್ರ ಯಾರಿಗೂ ತಿಳಿಯಬಾರದು. ದವಡೆ ಬಾತು ಹಲ್ಲಿನ ಡಾಕ್ಟರ್ ಕೊಟ್ಟ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದಳು. ಬಾವು ಇಳಿಯಿತು. ಅದರ ಬೆನ್ನಿಗೇ ಇನ್ನೊಂದು ಶುರುವಾಯಿತು. ಸೊಸೆ ಐಶ್ವರ್ಯಾಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಗೋಡೆ ನೋಡುತ್ತಾ ಹೇಳಿದಳು.

"ಕೆಳಗ ಭಾಳ ತುರಿಕಿ ಐತಿ. ಮೊಸರು ಒಡದಂಗ ಬಿಳೇದು ಹೋಗ್ತದ. ಮೂತ್ರಕ್ಕ ಕುಂತರ ಉರಿ."

"ನಾತ ಐತೇನ್ರಿ ಅತ್ತಿ?"

"ಇಲ್ಲ. ನಿನ್ನ ಗಂಡ ಈರೇಶಗೂ ಗೊತ್ತಾಗಬಾರದು. ಯಾರಿಗೂ ಹೇಳಬಾರದು." ಅಷ್ಟಕ್ಕೇ ಬಿಡದೆ, ಸೊಸೆಯ ಕೈಯನ್ನು ಅವಳ ಮಡಿಲಲ್ಲಿ ಮಲಗಿದ್ದ ಕೂಸಿನ ತಲೆಯ ಮೇಲಿಟ್ಟು ಆಣೆ ಮಾಡಿಸಿಕೊಂಡಳು. ಮಗಳ ತಲೆ ಮುಟ್ಟಿ ಆಡಿದ ಮಾತು ಐಶ್ವರ್ಯಾಳ ಎದೆಯಲ್ಲಿ ಕಲ್ಲಿನಂತೆ ಕೂತಿತು.

ಮುಂಡಗೋಡದ ಔಷಧಿ ಅಂಗಡಿಯಲ್ಲಿ ಸಿರಾಜುನ್ನಿಸಾ ಇದ್ದದ್ದು ಪುಣ್ಯ. ಹೆಂಗಸಿನ ಮುಂದೆ ಹೇಳಬಹುದು. ಆದರೆ ಯಾರಿಗೆ ಎಂದು ಹೇಳುವುದು? "ನನಗ್ರೀ" ಅಂದಳು ಐಶ್ವರ್ಯಾ.

"ಆ್ಯಂಟಿಬಯಾಟಿಕ್ ಗುಳಿಗಿ ತಗೊಂಡಿದ್ರೇನು?" ಐಶ್ವರ್ಯಾ ಹೌದೆಂದಳು. "ಹಂಗಾರ ಇದು ಆಗೂದ. ಮೈಯಾಗಿನ ಒಳ್ಳೆ ಕ್ರಿಮಿನೂ ಸಾಯ್ತಾವ, ಬೂಷ್ಟು ಬೆಳೀತದ. ಈ ಕ್ಲೋಟ್ರಿಮಜೋಲ್ ಮುಲಾಮು ಒಂದು ವಾರ ಪೂರ್ತಿ ಹಚ್ಚರಿ, ತುರಿಕಿ ಹೋತಂತ ನಡುವ ಬಿಡಬ್ಯಾಡ್ರಿ. ನಾತ ಬಂದ್ರ, ಜ್ವರ, ಕಿಬ್ಬೊಟ್ಟಿ ನೋವು, ರಕ್ತ ಬಂದ್ರ ಇದು ಬ್ಯಾರೆ ಅಂತ ತಿಳೀರಿ. ಡಾಕ್ಟರ ಕಡೆ ಹೋಗ್ರಿ."

ಮುಲಾಮು ಕೆಲಸ ಮಾಡಿತು. ಕಾಶೆವ್ವನ ಮುಖ ಅರಳಿತು. ಒಂದು ತಿಂಗಳು ಕಳೆಯುವುದರೊಳಗೆ ತುರಿಕೆ ಮರಳಿ ಬಂತು. ಈ ಸಲ ಗುಳಿಗೆಯ ನೆಪವೂ ಇರಲಿಲ್ಲ. ಇನ್ನೊಂದು ಟ್ಯೂಬ್ ತಂದದ್ದಾಯಿತು. ಅದೂ ಮುಗಿದು, ಮತ್ತೆ ಬಂತು.

ಮೂರನೆಯ ಸಲ ಸಿರಾಜುನ್ನಿಸಾ ಟ್ಯೂಬ್ ಕೊಡಲಿಲ್ಲ. "ಹಿಂಗ ಮತ್ತ ಮತ್ತ ಬರೂದು ಬರೇ ಬೂಷ್ಟಲ್ಲ ಅಕ್ಕಾ. ಸಕ್ಕರಿ ಕಾಯಿಲೆ ಇದ್ರ ಹಿಂಗಾಗ್ತದ. ರಕ್ತಾ ತೋರಸ್ರಿ, ಡಾಕ್ಟರ ಒಮ್ಮೆ ನೋಡ್ಲಿ."

ತನಗೇ ಎಂದು ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಐಶ್ವರ್ಯಾ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳು ಚಾಚಿದಳು. ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ನಗು ಬಂತು, ಅಳುವೂ ಬಂತು. ಸಕ್ಕರೆ ಏರಿಲ್ಲ, ಇಷ್ಟು ಆರೋಗ್ಯವಾಗಿರುವ ನೀವು ಯಾಕೆ ಬಂದಿರಿ ಎಂದು ನರ್ಸ್ ಕೇಳಿದಳು. ಸರಿಯಾದ ಬುದ್ಧಿಮಾತು ಸರಿಯಾದ ಸಮಯಕ್ಕೇ ಬಂದಿತ್ತು, ತಪ್ಪು ಮೈಗೆ.

ಮನೆಗೆ ಬಂದು ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. "ಅತ್ತಿ, ಒಮ್ಮೆ ತೋರಸೂಣು ಬರ್ರಿ. ಸಕ್ಕರಿ ಕಾಯಿಲೆ ಇರಬಹುದಂತ."

"ನಮ್ಮ ಮನಿತನದಾಗ ಯಾರಿಗೂ ಇಲ್ಲದ್ದು ನನಗೆಲ್ಲಿಂದ ಬರ್ತದ? ಮೈ ಉಷ್ಣ ಆಗೇತಿ, ಅಷ್ಟ. ಈ ವಯಸ್ಸಿನಾಗ ಯಾರ ಮುಂದ ಸೀರಿ ಎತ್ತಲಿ?" ಎಂದು ಹೇಳಿ, ಜೀರಿಗೆ ಕುಟ್ಟಿ ಹಾಕಿದ ಕಲ್ಲುಸಕ್ಕರೆ ನೀರನ್ನು ತಂಬಿಗೆಗಟ್ಟಲೆ ಕುಡಿದಳು. ಉಷ್ಣಕ್ಕೆ ಅದಕ್ಕಿಂತ ಒಳ್ಳೆಯದಿಲ್ಲವೆಂಬುದು ಅವಳ ಗಟ್ಟಿ ನಂಬಿಕೆ. ಕುಡಿದಷ್ಟೂ ನೀರಡಿಕೆ, ಹಿತ್ತಲಿಗೆ ಹೋಗಿ ಬಂದದ್ದೇ ಬಂದದ್ದು. ಐಶ್ವರ್ಯಾ ಕಲ್ಲುಸಕ್ಕರೆ ಡಬ್ಬಿ ಬಚ್ಚಿಟ್ಟಳು. ಅತ್ತೆ ಅಂಗಡಿಯಿಂದ ಹೊಸದು ತರಿಸಿದಳು.

ಗಂಡನಿಗೆ ಹೇಳಲು ಬಾಯಿ ತೆರೆದದ್ದು ಎಷ್ಟು ಸಲವೋ. "ಏನು?" ಅಂತ ಈರೇಶ ಕೇಳಿದಾಗಲೆಲ್ಲ ತೊಟ್ಟಿಲು ಕಣ್ಣಿಗೆ ಬೀಳುತ್ತಿತ್ತು. "ಏನಿಲ್ರಿ" ಅನ್ನುತ್ತಿದ್ದಳು. ಆಣೆ ಮುರಿದರೆ ಕೂಸಿಗೆ ಏನೂ ಆಗುವುದಿಲ್ಲವೆಂದು ಅವಳ ಓದು ಹೇಳುತ್ತಿತ್ತು. ತಾಯಿಯ ಭಯ ಓದಿನ ಮಾತು ಕೇಳುತ್ತದೆಯೇ?

ಗೋವಿನಜೋಳದ ತೆನೆ ಸುಲಿಯುವ ದಿನ ಕಾಶೆವ್ವ ಏಳಲಿಲ್ಲ. ಮಾತು ತೊದಲುತ್ತಿತ್ತು, ನಾಲಿಗೆ ಒಣಗಿ ತೊಗಟೆಯಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಜ್ಞೆ ತಪ್ಪಿತು.

ಸಕ್ಕರೆ ಮಿತಿಮೀರಿ ಏರಿದೆ, ಮೈಯ ನೀರೆಲ್ಲ ಬತ್ತಿದೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರ್ ವಿದ್ಯಾವತಿ. "ಮೊದಲ ಏನಾರ ಲಕ್ಷಣ ಇತ್ತೇನ್ರಿ? ಭಾಳ ನೀರಡಿಕಿ? ಹೆಂಗಸರ ಜಾಗದಾಗ ಹೋಗಿ ಬರೂ ತುರಿಕಿ?"

"ಏನೂ ಇದ್ದಿಲ್ರಿ," ಅಂದ ಈರೇಶ. "ನಮ್ಮವ್ವ ನನ್ನ ಮುಂದ ಏನೂ ಮುಚ್ಚಿಡಾಕಿ ಅಲ್ಲ."

"ಇತ್ರೀ," ಅಂದಳು ಐಶ್ವರ್ಯಾ. ಒಮ್ಮೆ ಬಾಯಿ ಬಿಟ್ಟ ಮೇಲೆ ಆಣೆಯ ಮಾತೊಂದನ್ನು ಬಿಟ್ಟು, ಹಲ್ಲಿನ ಗುಳಿಗೆಯಿಂದ ಹಿಡಿದು ಎಲ್ಲವೂ ಹೊರಗೆ ಬಂತು. ಡಾಕ್ಟರ್ ಬರೆದುಕೊಂಡು ಹೋದರು.

ಈರೇಶ ಹೆಂಡತಿಯನ್ನು ಪರಕೀಯಳನ್ನು ನೋಡುವಂತೆ ನೋಡಿದ. "ಇಷ್ಟು ದಿನ ನಿನಗ ಗೊತ್ತಿತ್ತು. ನನಗ್ಯಾಕ ಹೇಳಲಿಲ್ಲ?"

ಅದಕ್ಕೆ ಉತ್ತರ ಕೊಡಬೇಕಾದವಳು ಹಾಸಿಗೆಯ ಮೇಲಿದ್ದಳು. ಐಶ್ವರ್ಯಾ ಅವಳ ಮುಖವನ್ನೇ ನೋಡುತ್ತಾ ನಿಂತಳು. ಕಾಶೆವ್ವ ಕಣ್ಣು ತೆರೆಯಲಿಲ್ಲ.