ಕನಕಪ್ಪನ ಸಕ್ಕರೆಯ ತಖ್ತೆ

ಯರಗುಪ್ಪಿಯ ಕನಕಪ್ಪ ಸಂಬಂಧ ಕುದುರಿಸುವ ಮನುಷ್ಯ. ಅವನು ಹೊಸ್ತಿಲು ದಾಟಿದರೆ ಆ ಮನೆಯಲ್ಲಿ ಹೋಳಿಗೆಯ ಹಂಚು ಒಲೆ ಏರಲೇಬೇಕು. ಅಂಥವನಿಗೇ ಸಕ್ಕರೆ ಕಾಯಿಲೆ ಗಂಟುಬಿತ್ತು. ಮುಂಬಯಿಯ ಅಳಿಯ ರಕ್ತ ನೋಡುವ ಪಟ್ಟಿಗಳ ಡಬ್ಬಿ ಕಳಿಸಿದ. ಬೆರಳು ಚುಚ್ಚಿ, ಪಟ್ಟಿಗೆ ರಕ್ತದ ಹನಿ ಹಚ್ಚಿ, ಒರೆಸಿ, ಮೂಡಿದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ಅಂಕಿ ಬರೆಯಬೇಕು. ಕನಕಪ್ಪ ಬರೆದ. ಬರೆದದ್ದು ಲಗ್ನಪತ್ರಿಕೆಗಳ ಬೆನ್ನಿಗೆ.

ಅವನ್ನೆಲ್ಲ ಸಾಲು ಹಾಕಿ ವಾರದ ತಖ್ತೆ ಮಾಡುವ ಕರ್ಮ ಅವನ ಅಣ್ಣನ ಮಗಳು ರೇಣುಕವ್ವನ ಪಾಲಿಗೆ ಬಂತು. ಅವಳು ಊರಿನ ಸರಕಾರಿ ಉಪಕೇಂದ್ರದ ನರ್ಸು. ಕುಂದಗೋಳದ ಡಾಕ್ಟರು ಮರುದಿನ ತಖ್ತೆ ನೋಡಿ ಗುಳಿಗೆ ಹೆಚ್ಚಿಸುವ ವಿಚಾರದಲ್ಲಿದ್ದರು. ಅವರ ಬಳಿ ಇದ್ದದ್ದು ಊಟದ ನಂತರದ ಒಂದೇ ಒಂದು ಅಂಕಿ, ಅದೂ ಆಕಾಶಕ್ಕೇರಿದ್ದು.

"ಇದೇನ ಕಾಕಾ? 'ಗುಡಗೇರಿ, ಹುಡುಗಿ ಎತ್ತರ, ಐವತ್ತೈದು.' ಐವತ್ತೈದು ಹುಡುಗಿ ತೂಕನೋ, ನಿನ್ನ ಸಕ್ಕರಿನೋ?"

"ನನ್ನ ಸಕ್ಕರಿ ಬೇ. ಹುಡುಗಿ ತೂಕ ಯಾರ ಬರಕೋತಾರ?"

"ಯಾವ ವಾರ? ಉಣ್ಣಾಕ ಮೊದಲೋ, ಉಂಡ ಮ್ಯಾಲೋ?"

"ವಾರಗೀರ ನನಗ ನೆನಪಿರಂಗಿಲ್ಲ. ಊರ ಹೇಳು, ಯಾರ ಮನಿ, ಏನ ಬಡಿಸಿದ್ರು ಅಂತ ಹೇಳತೀನಿ."

ರೇಣುಕವ್ವನ ತಲೆ ಹಂಚಿನಂತೆ ಕಾದಿತ್ತು. ಹಾಳೆಯ ಮೇಲೆ ವಾರಗಳಿಗೆ ಅಡ್ಡ ಸಾಲು ಎಳೆದಳು, ಹೊತ್ತುಗಳಿಗೆ ಉದ್ದ ಸಾಲು: ಬೆಳಿಗ್ಗೆ, ಮಧ್ಯಾಹ್ನ ಊಟಕ್ಕೆ ಮೊದಲು, ಉಂಡು ಎರಡು ತಾಸಿಗೆ, ರಾತ್ರಿ. ಬೀಗರ ಮನೆಗಳ ಜಾಡು ಹಿಡಿದು ವಾರ ಪತ್ತೆ ಮಾಡಿದಳು. ಶಲವಡಿಯವರು ಬಂದದ್ದು ಬುಧವಾರ, ಗುಡಗೇರಿಗೆ ಹೋದದ್ದು ರವಿವಾರ. ಒಂದೊಂದೇ ಅಂಕಿ ತನ್ನ ಮನೆಗೆ ಬಂದು ಕೂತಿತು.

ಕನಕಪ್ಪ ಬಗ್ಗಿ ನೋಡಿದವನೇ ಬೆರಳಿಟ್ಟ. "ಆ ಎರಡುನೂರಾ ನಲವತ್ತು ತಗದಬಿಡು. ವರನ ಕೆಟ್ಟ ಗುಣ ನಾವ ಬಾಯಿ ಬಿಟ್ಟ ಹೇಳತೇವೇನು? ಐವತ್ತೈದು ಮುಂದ ಮಾಡು. ಎಷ್ಟ ಸಣ್ಣ ಅಂಕಿ! ಡಾಕ್ಟರ ಖುಷಿ ಆಗ್ಲಿ."

"ಕಾಕಾ, ಇದು ನಿನ್ನ ಲಗ್ನದ ಮಾತುಕತಿ ಅಲ್ಲ! ಎರಡುನೂರಾ ನಲವತ್ತು ಬಿಟ್ಟರೂ ತಪ್ಪು. ಐವತ್ತೈದು ಅದರಕಿಂತ ಅಪಾಯ. ಎಪ್ಪತ್ತರ ಕೆಳಗ ಇಳದ್ರ ತಲಿನೇ ಓಡಂಗಿಲ್ಲ."

ಅಷ್ಟು ಹೇಳಿ ಎಪ್ಪತ್ತರ ಕೆಳಗಿನವಕ್ಕೆಲ್ಲ ಕೆಂಪು ಮಸಿಯಲ್ಲಿ ಸುತ್ತು ಹಾಕಿದಳು. ಮೂರು ಸುತ್ತು ಬಿದ್ದವು. ಬುಧವಾರ, ಶುಕ್ರವಾರ, ರವಿವಾರ. ಮೂರೂ ಮಧ್ಯಾಹ್ನ ಊಟದ ಮೊದಲು. ಆ ಮೂರೇ ದಿನ, ಉಂಡ ಮೇಲೆ, ಇನ್ನೂರಾ ನಲವತ್ತರ ಆಸುಪಾಸು. ಉಳಿದ ದಿನಗಳು ಸಾಧು ಎತ್ತಿನ ಹಾಗೆ ಸುಮ್ಮನಿದ್ದವು.

"ಈ ಮೂರೂ ದಿನ ಏನ ವಿಶೇಷ ಇತ್ತು?"

"ಮೂರೂ ದಿನ ಸಂಬಂಧದ ಊಟ. ರವಿವಾರ ಗುಡಗೇರಿ. ಆವತ್ತಿಂದು ಕೇಳಬ್ಯಾಡ."

ಕೇಳುವುದೇನು, ಊರಿಗೆಲ್ಲ ಗೊತ್ತಿತ್ತು. ಹುಡುಗಿಯ ಗುಣ ಹೇಳಲು ನಿಂತ ಕನಕಪ್ಪ ಬೆವೆತು ನಡುಗುತ್ತಾ, "ಹುಡುಗಿ ಮೀಸಿ ಅಗದಿ ದಪ್ಪ ಅದಾವ್ರಿ, ಹೊಲದಾಗ ಒಬ್ಬಾಕಿನ ಎರಡ ಕುಂಟಿ ಹೊಡಿತಾಳ" ಎಂದಿದ್ದ. ಇವನು ಕುಡಿದಿದ್ದಾನೆ ಎಂದು ಗಂಡಿನ ಕಡೆಯವರು ಎದ್ದು ಹೋಗಿದ್ದರು. ಮೂವತ್ತು ವರ್ಷದ ಹೆಸರು ಒಂದು ಮೀಸೆಗೆ ಹೋಗಿತ್ತು.

"ಆ ಮೂರೂ ದಿನ ಬೆಳಿಗ್ಗೆ ಏನ ತಿಂದಿದ್ದಿ?"

"ಏನೂ ಇಲ್ಲ. ಹೋಳಿಗಿಗೆ ಜಾಗಾ ಬೇಕಲ್ಲ."

"ಗುಳಿಗಿ?"

"ಎರಡು ನುಂಗಿದ್ದೆ. ಹೋಳಿಗಿ ಬರೋದ ಗೊತ್ತಿತ್ತಲ್ಲ, ಮೊದಲೇ ಹಾದಿ ಕಟ್ಟಬೇಕು ಅಂತ."

ರೇಣುಕವ್ವ ಪೆನ್ನು ಕೆಳಗಿಟ್ಟಳು. ಹೊಟ್ಟೆ ಖಾಲಿ, ಗುಳಿಗೆ ದುಪ್ಪಟ್ಟು. ಇದರ ಮೇಲೆ ಡಾಕ್ಟರು ಇನ್ನೊಂದು ಗುಳಿಗೆ ಬರೆದರೆ ಕಾಕಾ ಹೆಣ್ಣಿನ ಮನೆಯ ಅಂಗಳದಲ್ಲೇ ಹೆಣವಾಗಿ ಬೀಳುತ್ತಿದ್ದ.

ಮರುದಿನ ಕುಂದಗೋಳದಲ್ಲಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಡಾಕ್ಟರು ತಖ್ತೆಯ ಕೆಂಪು ಸುತ್ತುಗಳನ್ನೂ, ಬಾಜುವಿನಲ್ಲಿ ಅವಳು ಬರೆದ "ನಾಷ್ಟಾ ಇಲ್ಲ, ಗುಳಿಗೆ ಎರಡು, ಬೆವರು, ತಪ್ಪು ಮಾತು" ಎಂಬುದನ್ನೂ ಓದಿ, ಹೆಚ್ಚಿಸಲು ಎತ್ತಿದ ಪೆನ್ನಿಗೆ ಮುಚ್ಚಳ ಹಾಕಿದರು.

"ಗುಳಿಗಿ ಹೆಚ್ಚ ಮಾಡಂಗಿಲ್ಲ. ದಿನಾ ಒಂದ, ನಾಷ್ಟಾದ ಮುಂದ. ಉಣ್ಣಲಿಲ್ಲಂದ್ರ ಗುಳಿಗಿನೂ ಇಲ್ಲ. ಬೆವತು ನಡುಗಿದ್ರ ತಡಮಾಡದ ಸಕ್ಕರಿ ನೀರ ಕುಡಿ, ಆಮ್ಯಾಲ ಉಣ್ಣು. ಹೋಳಿಗಿ ಬಿಡು."

"ಬಿಟ್ಟರ ಮನಿಯವ್ರಿಗೆ ಅವಮಾನ ಆಗತೈತ್ರಿ. ಎರಡಕ್ಕ ಮಾತ ಮುಗಸೂಣು."

"ಅರ್ಧ."

"ಒಂದ್ರಿ. ತುಪ್ಪ ಬ್ಯಾಡ ಅಂತೀನಿ."

ಡಾಕ್ಟರು ರೇಣುಕವ್ವನತ್ತ ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು.

"ಅರ್ಧ. ಉಂಡು ಎರಡು ತಾಸಿಗೆ ರಕ್ತ ನೋಡಿ ಬರಕೊಂಡ ಬಾ. ಮುಂದಿನ ವಾರ ಈಕಿ ತಖ್ತೆ ನೋಡಿ ಮಾತಾಡೂಣು."

"ಡಾಕ್ಟರ ಸಾಹೇಬ್ರ, ನನ್ನ ಜನ್ಮದಾಗ ಇಷ್ಟು ಗಟ್ಟಿ ಹೆಣ್ಣಿನ ಕಡೆಯವ್ರನ್ನ ನೋಡಿಲ್ಲ," ಎಂದ ಕನಕಪ್ಪ, ಅರ್ಧಕ್ಕೆ ಒಪ್ಪಿ ಕೈಮುಗಿದ.